4.5 ಮಿಲಿಮೀಟರ್ ಇಳಿದ ಪ್ಲೇಟ್, 2.4 ಮೀಟರ್ ಅಗಲದ ಫೂಟಿಂಗ್: ಮರಳಿನ ಮೇಲಿನ ಲೋಡ್ ಟೆಸ್ಟ್ ಹೇಳುವುದೂ ಹೇಳದಿರುವುದೂ

ಒಂದು ಟೆಸ್ಟ್ ವರದಿ ನಿಮ್ಮ ಮುಂದಿದೆ ಅಂದುಕೊಳ್ಳಿ. ಸಾಕಷ್ಟು ಗಟ್ಟಿಯಾದ ಮರಳು. ಅದರ ಮೇಲೆ 300 ಮಿ.ಮೀ. ಚೌಕದ ಉಕ್ಕಿನ ಪ್ಲೇಟ್ ಇಟ್ಟು ಹಂತ ಹಂತವಾಗಿ ಭಾರ ಹೇರಿದ್ದಾರೆ. 200 ಕಿಲೋಪಾಸ್ಕಲ್ ಒತ್ತಡಕ್ಕೆ ಪ್ಲೇಟ್ 4.5 ಮಿ.ಮೀ. ಇಳಿದಿದೆ. ಕಟ್ಟಬೇಕಾದ ಫೂಟಿಂಗ್ 2.4 ಮೀಟರ್ ಚೌಕದ್ದು. ಅದರ ಅಡಿಯಲ್ಲೂ ಒತ್ತಡ ಇಷ್ಟೇ, 200. ಫೂಟಿಂಗ್ 25 ಮಿ.ಮೀ.ಗಿಂತ ಜಾಸ್ತಿ ಇಳಿಯಬಾರದು ಅನ್ನುವುದು ಷರತ್ತು. ಹಾಗಾದರೆ ಫೂಟಿಂಗ್ ಎಷ್ಟು ಇಳಿಯುತ್ತದೆ?

ಇದೇ ಒಂದು ರೀಡಿಂಗ್ ಹಿಡಿದು 14 ಮಿ.ಮೀ. ಅನ್ನುವವರಿದ್ದಾರೆ, 36 ಮಿ.ಮೀ. ಅನ್ನುವವರೂ ಇದ್ದಾರೆ. ಮೊದಲನೆಯದು ಪಾಸ್, ಎರಡನೆಯದು ಫೇಲ್. ಎರಡು ಲೆಕ್ಕದಲ್ಲೂ ಗುಣಾಕಾರದ ತಪ್ಪಿಲ್ಲ. ವ್ಯತ್ಯಾಸ ಇರುವುದು ಮಣ್ಣಿನ ಬಗ್ಗೆ ಅವರು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಮಾತಿನಲ್ಲಿ. ಆ ಮಾತು ಯಾವುದು ಅಂತ ನೋಡೋಣ.

ಗುಂಡಿಯಲ್ಲಿ ನಡೆಯುವುದು

ಫೂಟಿಂಗ್ ಕೂರುವ ಮಟ್ಟದವರೆಗೆ ಗುಂಡಿ ತೋಡಬೇಕು. ಗುಂಡಿಯ ಅಗಲ ಪ್ಲೇಟ್‌ನ ಅಗಲದ ಐದು ಪಟ್ಟಾದರೂ ಇರಬೇಕು. ಅಂದರೆ 300 ಮಿ.ಮೀ. ಪ್ಲೇಟ್‌ಗೆ ಒಂದೂವರೆ ಮೀಟರ್. ಇಕ್ಕಟ್ಟಾದ ಗುಂಡಿಯಾದರೆ ಸುತ್ತಲಿನ ಮಣ್ಣಿನ ಭಾರ ಪ್ಲೇಟ್‌ಗೆ ಆಸರೆಯಾಗಿಬಿಡುತ್ತದೆ. ಆಗ ರೀಡಿಂಗ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ತಳವನ್ನು ಕೈಯಿಂದಲೇ ನಿಧಾನವಾಗಿ ಮಟ್ಟ ಮಾಡಿ ಪ್ಲೇಟ್ ಕೂರಿಸುತ್ತಾರೆ. ಅದರ ಮೇಲೆ ಹೈಡ್ರಾಲಿಕ್ ಜಾಕ್. ಜಾಕ್‌ನ ಮೇಲೆ ಮರಳಿನ ಚೀಲ ಅಥವಾ ಕಾಂಕ್ರೀಟ್ ಬ್ಲಾಕ್ ಪೇರಿಸಿದ ಅಟ್ಟಣೆ. ಮೊದಲು ಸುಮಾರು 7 ಕಿಲೋಪಾಸ್ಕಲ್‌ನಷ್ಟು ಸಣ್ಣ ಭಾರ ಕೊಟ್ಟು ಪ್ಲೇಟ್ ಸರಿಯಾಗಿ ಕೂರುವಂತೆ ಮಾಡಿ, ಅದನ್ನು ತೆಗೆದು, ಗೇಜ್‌ಗಳನ್ನು ಸೊನ್ನೆಗೆ ತರುತ್ತಾರೆ. ಆಮೇಲೆ 50, 100, 150 ಹೀಗೆ ಹಂತಗಳು. ಪ್ರತಿ ಹಂತದಲ್ಲೂ ಇಳಿಯುವ ವೇಗ ನಿಮಿಷಕ್ಕೆ 0.02 ಮಿ.ಮೀ.ಗಿಂತ ಕಡಿಮೆ ಆಗುವವರೆಗೆ ಕಾಯಬೇಕು.

ನಮ್ಮ ವರದಿಯ ರೀಡಿಂಗ್‌ಗಳು ಹೀಗಿವೆ. 50ಕ್ಕೆ 0.9 ಮಿ.ಮೀ., 100ಕ್ಕೆ 1.9, 150ಕ್ಕೆ 3.1, 200ಕ್ಕೆ 4.5, 250ಕ್ಕೆ 6.4, 300ಕ್ಕೆ 9. 350ರ ಹತ್ತಿರ ಪ್ಲೇಟ್ ನಿಲ್ಲದೆ ಇಳಿಯತೊಡಗಿತು, ಸುತ್ತ ಮರಳು ಉಬ್ಬಿತು.

ಇಲ್ಲಿ ಡಯಲ್ ಗೇಜ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವು ಒಂದು ಉದ್ದನೆಯ ಬೀಮ್‌ಗೆ ಕಚ್ಚಿಕೊಂಡಿರುತ್ತವೆ. ಬೀಮ್‌ನ ಎರಡು ತುದಿಯ ಆಸರೆ ಪ್ಲೇಟ್‌ನಿಂದ ದೂರ ಇರಬೇಕು. ಒಂದು ಸಲ ಬೆಳಗ್ಗೆ ಟೆಸ್ಟ್ ಶುರು ಮಾಡಿದ್ದೆವು. ಹೊತ್ತು ಏರಿದಂತೆ ಬಿಸಿಲು ಬೀಮ್‌ನ ಒಂದು ಬದಿಗೆ ಬಿತ್ತು. ಭಾರ ಬದಲಾಯಿಸಿರಲಿಲ್ಲ. ಆದರೂ ಗೇಜ್‌ನ ಮುಳ್ಳು ನಿಧಾನವಾಗಿ ಹಿಂದಕ್ಕೆ ಬರತೊಡಗಿತು, ಪ್ಲೇಟ್ ಮೇಲೇಳುತ್ತಿದೆ ಅನ್ನುವ ಹಾಗೆ. ಭಾರ ಹೊತ್ತ ಪ್ಲೇಟ್ ತಾನಾಗಿ ಮೇಲೇಳುವುದಿಲ್ಲ ಅಲ್ವಾ? ಬಗ್ಗಿದ್ದು ಬೀಮ್. ಟಾರ್ಪಾಲ್ ಕಟ್ಟಿ ನೆರಳು ಮಾಡಿ ಮೊದಲಿನಿಂದ ಶುರು ಮಾಡಿದೆವು. ಇಡೀ ಟೆಸ್ಟ್‌ನಲ್ಲಿ ನಾವು ಅಳೆಯುವುದೇ ನಾಲ್ಕೈದು ಮಿ.ಮೀ. ಅದರಲ್ಲಿ 0.2 ಮಿ.ಮೀ. ತಪ್ಪಾದರೂ, ಫೂಟಿಂಗ್‌ಗೆ ಗುಣಿಸುವಾಗ ಆ ತಪ್ಪೂ ಜೊತೆಗೆ ಗುಣಿಸಿಕೊಂಡು ಬೆಳೆಯುತ್ತದೆ.

ಒತ್ತಡ ಒಂದೇ, ತಲುಪುವ ಆಳ ಬೇರೆ

200 ಕಿಲೋಪಾಸ್ಕಲ್ ಒತ್ತಡಕ್ಕೆ ಪ್ಲೇಟ್ ಹೊರುವುದು ಬರೀ 18 ಕಿಲೋನ್ಯೂಟನ್, ಅಂದರೆ ಎರಡು ಟನ್‌ಗೂ ಕಡಿಮೆ. ಫೂಟಿಂಗ್ ಹೊರುವುದು 1152 ಕಿಲೋನ್ಯೂಟನ್, ನೂರು ಟನ್‌ಗೂ ಜಾಸ್ತಿ. ಎರಡೂ ಮಣ್ಣನ್ನು ಒತ್ತುವ ತೀವ್ರತೆ ಒಂದೇ. ಆದರೆ ಆ ಒತ್ತಡ ಕೆಳಗೆ ಎಷ್ಟು ದೂರ ಹೋಗುತ್ತದೆ ಅನ್ನುವುದು ಅಗಲದ ಮೇಲೆ ನಿಂತಿದೆ. ಅಂದಾಜಿಗೆ, ಅಗಲದ ಎರಡು ಪಟ್ಟು ಆಳದವರೆಗೆ ಲೆಕ್ಕಕ್ಕೆ ಬರುವಷ್ಟು ಒತ್ತಡ ಇರುತ್ತದೆ. ಪ್ಲೇಟ್‌ಗೆ ಅದು 60 ಸೆಂ.ಮೀ. ಫೂಟಿಂಗ್‌ಗೆ ಸುಮಾರು 5 ಮೀಟರ್.

ಅಂದರೆ ಪ್ಲೇಟ್ ಪರೀಕ್ಷೆ ಮಾಡಿದ್ದು ಮೊಣಕಾಲುದ್ದದ ಮರಳನ್ನು. ಫೂಟಿಂಗ್ ಕೂರುವುದು ಒಂದೂವರೆ ಅಂತಸ್ತಿನಷ್ಟು ಆಳದ ಮರಳಿನ ಮೇಲೆ. ಆ ಉಳಿದ ನಾಲ್ಕು ಚಿಲ್ಲರೆ ಮೀಟರ್ ಹೇಗಿದೆ ಅಂತ ಪ್ಲೇಟ್‌ಗೆ ಗೊತ್ತೇ ಇಲ್ಲ.

ಮರಳಿನಲ್ಲಿ ಇನ್ನೊಂದು ತೊಡಕಿದೆ. ಜೇಡಿಗಿಂತ ಅದರ ಗುಣ ಬೇರೆ. ಮರಳಿನ ಕಾಳುಗಳಿಗೆ ಅಂಟು ಇಲ್ಲ. ಒಂದನ್ನೊಂದು ಅದುಮಿಕೊಂಡಷ್ಟೂ ಅವು ಬಿಗಿಯಾಗುತ್ತವೆ. ಹಾಗಾಗಿ ಆಳಕ್ಕೆ ಹೋದಂತೆ, ಮೇಲಿನ ಮಣ್ಣಿನ ಭಾರದಿಂದಲೇ ಮರಳು ಗಡುಸಾಗುತ್ತಾ ಹೋಗುತ್ತದೆ. ಪ್ಲೇಟ್‌ನ ಅಡಿಯಲ್ಲಿ 15 ಸೆಂ.ಮೀ. ಕೆಳಗೆ ಮಣ್ಣಿನ ಸ್ವಂತ ಭಾರದ ಒತ್ತಡ ಮೂರು ಕಿಲೋಪಾಸ್ಕಲ್ ಕೂಡ ಇರುವುದಿಲ್ಲ. ಎರಡು ಮೀಟರ್ ಕೆಳಗೆ ಅದು 36ರ ಹತ್ತಿರ. ಅದೇ ಮರಳು, ಅದೇ ದಟ್ಟತೆ, ಆದರೂ ಗಡಸುತನ ಒಂದೇ ಅಲ್ಲ.

ಬಾಯಿಬಿಟ್ಟು ಹೇಳದ ಮಾತು ಇದೇ. ಆಳಕ್ಕೆ ಹೋದಂತೆ ಮರಳು ಎಷ್ಟು ಬೇಗ ಗಡುಸಾಗುತ್ತದೆ? ಸ್ವಲ್ಪವೂ ಆಗುವುದಿಲ್ಲ ಅಂತ ಹಿಡಿದರೆ, ಅಗಲ ಎಂಟು ಪಟ್ಟಾದಾಗ ಇಳಿತವೂ ಎಂಟು ಪಟ್ಟು. 4.5ನ್ನು 8ರಿಂದ ಗುಣಿಸಿ: 36 ಮಿ.ಮೀ. ಆಳಕ್ಕೆ ಸರಿಸಮನಾಗಿ ಗಡುಸಾಗುತ್ತದೆ, ಮೇಲ್ಮೈಯಲ್ಲಿ ಗಡಸುತನ ಸೊನ್ನೆ ಅಂತ ಹಿಡಿದರೆ ಇನ್ನೊಂದು ತುದಿ: ಅಗಲ ಎಷ್ಟಾದರೂ ಇಳಿತ ಬದಲಾಗುವುದಿಲ್ಲ. ನಿಜವಾದ ಮರಳು ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಹೆಸರುವಾಸಿ ಸೂತ್ರ

ಆ ನಡುವಿನ ದಾರಿಗೆ ಟೆರ್ಝಾಗಿ ಮತ್ತು ಪೆಕ್ 1948ರಲ್ಲಿ ಒಂದು ಸಂಬಂಧ ಕೊಟ್ಟರು. ಇವತ್ತಿಗೂ ಹಲವರು ಬಳಸುವುದು ಅದನ್ನೇ:

```
Sf / Sp = [ B (b + 0.3) / ( b (B + 0.3) ) ]^2
```

`Sf` ಫೂಟಿಂಗ್‌ನ ಇಳಿತ, `Sp` ಪ್ಲೇಟ್‌ನ ಇಳಿತ, `B` ಫೂಟಿಂಗ್ ಅಗಲ, `b` ಪ್ಲೇಟ್ ಅಗಲ. ಅಗಲಗಳು ಮೀಟರ್‌ನಲ್ಲಿ. ಒತ್ತಡ ಎರಡಕ್ಕೂ ಒಂದೇ ಆಗಿರಬೇಕು.

ನಮ್ಮ ಅಂಕಿ ಹಾಕಿದರೆ ಅನುಪಾತ 3.16 ಬರುತ್ತದೆ. 4.5ನ್ನು ಅದರಿಂದ ಗುಣಿಸಿದರೆ 14 ಮಿ.ಮೀ. ಪಾಸ್ ಅಂದವರ ಲೆಕ್ಕ ಇದು.

ಈ ಸೂತ್ರದ ಸ್ವಭಾವ ತಿಳಿಯಬೇಕಾದರೆ ಅಗಲವನ್ನು ಎರಡೆರಡು ಪಟ್ಟು ಮಾಡುತ್ತಾ ಹೋಗಿ. 0.3ರಿಂದ 0.6 ಮೀಟರ್‌ಗೆ ಹೋದಾಗ ಇಳಿತ 1.78 ಪಟ್ಟಾಗುತ್ತದೆ. 0.6ರಿಂದ 1.2ಕ್ಕೆ 1.44 ಪಟ್ಟು ಮಾತ್ರ. 1.2ರಿಂದ 2.4ಕ್ಕೆ ಬರೀ 1.23 ಪಟ್ಟು. ಫೂಟಿಂಗ್ ದೊಡ್ಡದಾದಷ್ಟೂ ಏರಿಕೆ ಸೊರಗುತ್ತದೆ. ಕೊನೆಗೆ, 300 ಮಿ.ಮೀ. ಪ್ಲೇಟ್‌ಗೆ ಹೋಲಿಸಿದರೆ ಫೂಟಿಂಗ್ ಎಷ್ಟೇ ದೊಡ್ಡದಿರಲಿ, ಇಳಿತ ನಾಲ್ಕು ಪಟ್ಟು ದಾಟುವುದೇ ಇಲ್ಲ ಅನ್ನುತ್ತದೆ ಸೂತ್ರ.

ಈ ನಾಲ್ಕು ಪಟ್ಟಿನ ಮಿತಿ ನನಗೆ ಒಪ್ಪಿಗೆಯಿಲ್ಲ. ಅಳತೆಗಳೂ ಅದನ್ನು ಒಪ್ಪುವುದಿಲ್ಲ. 1963ರಲ್ಲಿ ಬಿಯೆರುಮ್ ಮತ್ತು ಎಗ್ಗೆಸ್ಟಾಡ್ ಬೇರೆ ಬೇರೆ ಕಡೆಯ ಅಳತೆಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಬಿಂದುಗಳು ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಸಡಿಲ ಮರಳಿನಲ್ಲಿ ಅನುಪಾತ ಸೂತ್ರಕ್ಕಿಂತ ಬಹಳ ಮೇಲೆ ಹೋಗಿತ್ತು. 1994ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾಗದಲ್ಲಿ ಬ್ರಿಯೋ ಮತ್ತು ಗಿಬ್ಬೆನ್ಸ್ 1 ಮೀಟರ್‌ನಿಂದ 3 ಮೀಟರ್‌ವರೆಗಿನ ಐದು ಚೌಕ ಫೂಟಿಂಗ್‌ಗಳನ್ನು ಮರಳಿನ ಮೇಲೆ ಒತ್ತಿ ನೋಡಿದರು. ಇಳಿತವನ್ನು ಫೂಟಿಂಗ್ ಅಗಲದಿಂದ ಭಾಗಿಸಿ ಒತ್ತಡದ ಎದುರು ಬರೆದಾಗ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಅಂದರೆ ಆ ಜಾಗದಲ್ಲಿ ಒಂದೇ ಒತ್ತಡಕ್ಕೆ ಇಳಿತ ಅಗಲಕ್ಕೆ ತಕ್ಕಂತೆ ಬೆಳೆಯಿತು. 36 ಮಿ.ಮೀ. ಅನ್ನುವವರ ಕೈಯಲ್ಲಿರುವ ಆಧಾರ ಇಂಥದ್ದು. ಅವರನ್ನು ಸುಮ್ನೆ ಹೆದರುಪುಕ್ಕಲರು ಅಂತ ತಳ್ಳಿಹಾಕುವ ಹಾಗಿಲ್ಲ.

ಎರಡನೇ ಪ್ಲೇಟ್

ಹಾಗಾದರೆ ಬೇರೆ ಅಳತೆಯ ಪ್ಲೇಟ್ ಹಾಕಿ ನೋಡೋಣ ಅನ್ನಿಸುವುದು ಸಹಜ. ಒಳ್ಳೆಯ ಯೋಚನೆಯೇ. ಅದೇ ಮಟ್ಟದಲ್ಲಿ, ಸ್ವಲ್ಪ ದೂರದಲ್ಲಿ, 600 ಮಿ.ಮೀ. ಪ್ಲೇಟ್ ಹಾಕಿದರು ಅನ್ನಿ. 200ಕ್ಕೆ 7.7 ಮಿ.ಮೀ. ಬಂತು. ಅಗಲಕ್ಕೆ ತಕ್ಕಂತೆ ಅನ್ನುವ ಲೆಕ್ಕದಲ್ಲಿ 9 ಬರಬೇಕಿತ್ತು. ಟೆರ್ಝಾಗಿ-ಪೆಕ್ ಪ್ರಕಾರ 8. ಅಂದರೆ ಸೂತ್ರ ಗೆದ್ದಿತೇ?

ಆತುರ ಬೇಡ. ಅಗಲ ಎರಡು ಪಟ್ಟಾದಾಗ ಇಳಿತ 1.71 ಪಟ್ಟಾಗಿದೆ. ಮುಂದೆಯೂ ಹೀಗೇ ಪ್ರತಿ ಸಲ 1.71 ಪಟ್ಟಾಗುತ್ತಾ ಹೋದರೆ, 2.4 ಮೀಟರ್ ತಲುಪಲು ಮೂರು ಸಲ ಎರಡು ಪಟ್ಟು ಮಾಡಬೇಕು. ಒಟ್ಟು ಐದು ಪಟ್ಟು. ಅಂದರೆ 22.5 ಮಿ.ಮೀ. ಸೂತ್ರ ಕೊಟ್ಟ 14 ಅಲ್ಲ. 300 ಮತ್ತು 600ರ ನಡುವೆ ಈ ಎರಡು ದಾರಿಗಳ ಅಂತರ 0.3 ಮಿ.ಮೀ. ಮಾತ್ರ, ಬಿಸಿಲಿಗೆ ಬಗ್ಗಿದ ಬೀಮ್ ತರುವ ತಪ್ಪಿನಷ್ಟೇ. ಮುಂದೆ ಹೋದಂತೆ ಅದೇ ಅಂತರ ಎಂಟು ಮಿ.ಮೀ. ದಾಟುತ್ತದೆ. ಎರಡನೇ ಪ್ಲೇಟ್ 36ನ್ನು ಅನುಮಾನಿಸಲು ಒಂದು ಕಾರಣ ಕೊಟ್ಟಿತು. 14ನ್ನು ನಂಬಲು ಕಾರಣ ಕೊಡಲಿಲ್ಲ. 750 ಮಿ.ಮೀ. ಅಥವಾ ಒಂದು ಮೀಟರ್‌ನ ಪ್ಲೇಟ್ ಹಾಕುವಷ್ಟು ಭಾರ ಪೇರಿಸಲು ಆಗುವುದಾದರೆ ಹಾಕಿ. ದಾರಿಗಳು ಕವಲೊಡೆಯುವ ಕಡೆಗೆ ಅಷ್ಟಾದರೂ ಹತ್ತಿರ ಹೋದಂತಾಗುತ್ತದೆ.

ಗುಂಡಿ ತೋಡುವಾಗ ತಳದ ಐದಾರು ಸೆಂ.ಮೀ. ಮರಳು ಸಡಿಲವಾಗುತ್ತದೆ. 300ರ ಪ್ಲೇಟ್‌ಗೆ ಅದು ತನ್ನ ಒತ್ತಡದ ಆಳದಲ್ಲಿ ಹತ್ತನೇ ಒಂದು ಭಾಗ. ಫೂಟಿಂಗ್‌ಗೆ ಅದು ಲೆಕ್ಕಕ್ಕೇ ಇಲ್ಲ. ಇದರಿಂದ ಸಣ್ಣ ಪ್ಲೇಟ್ ಇರುವುದಕ್ಕಿಂತ ಜಾಸ್ತಿ ಇಳಿಯುತ್ತದೆ, ಆಗ ದೊಡ್ಡದರ ಜೊತೆಗಿನ ಅನುಪಾತ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ರೀಡಿಂಗ್‌ಗಳ ಗ್ರಾಫ್‌ನಲ್ಲಿ ಮೊದಲ ಹಂತದಲ್ಲೇ ಗೆರೆ ಕಡಿದಾಗಿ ಇಳಿದು ಆಮೇಲೆ ಸಪಾಟಾದರೆ ಇದೇ ಕಾರಣ ಇರಬಹುದು.

ಗ್ರಾವೆಲ್‌ನಲ್ಲಿ ತೊಂದರೆ ಇನ್ನೊಂದು ಬಗೆಯದು. 75 ಮಿ.ಮೀ. ಕಲ್ಲುಗಳಿರುವ ಕಡೆ 300ರ ಪ್ಲೇಟ್‌ನ ಉದ್ದಕ್ಕೆ ನಾಲ್ಕೇ ಕಲ್ಲು ಹಿಡಿಸುತ್ತವೆ. ನೀವು ಆಗ ಅಳೆಯುತ್ತಿರುವುದು ಪದರವನ್ನಲ್ಲ, ಆ ನಾಲ್ಕಾರು ಕಲ್ಲು ಹೇಗೆ ಕೂತಿವೆ ಅನ್ನುವುದನ್ನು. ತಳ ಮಟ್ಟ ಮಾಡುವಾಗ ಒಂದು ಕಲ್ಲು ಕಿತ್ತುಬಂದರೆ ಕುಳಿ ಬೀಳುತ್ತದೆ. ಅದನ್ನು ಮರಳಿನಿಂದ ತುಂಬಿದರೆ ಪ್ಲೇಟ್ ಒಂದು ಕಡೆ ಮೆತ್ತಗೆ, ಒಂದು ಕಡೆ ಗಟ್ಟಿ. ಎದುರು ಬದಿಯ ಗೇಜ್‌ಗಳು ಇದನ್ನು ಹೇಳಿಬಿಡುತ್ತವೆ: ಒಂದು 3 ಮಿ.ಮೀ. ತೋರಿಸಿ ಇನ್ನೊಂದು 6 ತೋರಿಸಿದರೆ ಪ್ಲೇಟ್ ವಾಲುತ್ತಿದೆ. ಆಗ ಸರಾಸರಿ 4.5 ಅಂತ ಬರೆದು ಮುಂದೆ ಹೋಗುವುದು ತಪ್ಪು. ದೊಡ್ಡ ಪ್ಲೇಟ್ ತಂದು ಇನ್ನೊಂದು ಜಾಗದಲ್ಲಿ ಮಾಡಬೇಕು.

ಮುರಿಯುವ ಭಾರವನ್ನು ಎಂಟರಿಂದ ಗುಣಿಸಬಹುದೇ?

ಮರಳಿನ ಹೊರುವ ಶಕ್ತಿ ಅಗಲಕ್ಕೆ ತಕ್ಕಂತೆ ಏರುತ್ತದೆ ಅಂತ ಪಾಠದಲ್ಲಿ ಓದಿರುತ್ತೇವೆ. ಪ್ಲೇಟ್ 350ಕ್ಕೆ ಸೋತಿತು, ಹಾಗಾದರೆ ಫೂಟಿಂಗ್ 2800ಕ್ಕೆ ಸೋಲುತ್ತದೆ ಅಂತ ಬರೆದ ವರದಿಗಳನ್ನು ನೋಡಿದ್ದೇನೆ. ಇದು ಜಾಸ್ತಿಯಾಯಿತು.

ಕಡಿಮೆ ಒತ್ತಡದಲ್ಲಿ ಗಟ್ಟಿ ಮರಳಿನ ಕಾಳುಗಳು ಜಾರಬೇಕಾದರೆ ಒಂದರ ಮೇಲೊಂದು ಹತ್ತಿ ಇಳಿಯಬೇಕು. ಹತ್ತುವುದು ಕಷ್ಟದ ಕೆಲಸ. ಹಾಗಾಗಿ ಘರ್ಷಣ ಕೋನ ದೊಡ್ಡದು. ಒತ್ತಡ ಜಾಸ್ತಿಯಾದಾಗ ಹತ್ತಲು ಬಿಡುವಿರುವುದಿಲ್ಲ, ಕಾಳಿನ ಮೂಲೆಗಳು ಮುರಿಯುತ್ತವೆ, ಕೋನ ಇಳಿಯುತ್ತದೆ. ದೊಡ್ಡ ಫೂಟಿಂಗ್ ಸೋಲುವುದು ದೊಡ್ಡ ಒತ್ತಡದಲ್ಲಿ. ಪ್ಲೇಟ್‌ನ ಅಡಿಯಲ್ಲಿ 42 ಡಿಗ್ರಿ ಇದ್ದದ್ದು ಫೂಟಿಂಗ್‌ನ ಅಡಿಯಲ್ಲಿ 38 ಆಯಿತು ಅನ್ನಿ. ನಾಲ್ಕು ಡಿಗ್ರಿ ಅಷ್ಟೇ. ಆದರೆ ಹೊರುವ ಶಕ್ತಿಯ ಗುಣಾಂಕ `Nγ` 155ರಿಂದ 78ಕ್ಕೆ ಬೀಳುತ್ತದೆ, ಅರ್ಧ. 2800 ಅಂದದ್ದು 1400ರ ಆಸುಪಾಸಿಗೆ ಬಂತು. ನಮ್ಮ 200ಕ್ಕೆ ಅದೂ ಧಾರಾಳ. ಅದಕ್ಕೇ ಇಲ್ಲಿ ನಿರ್ಧಾರ ಮಾಡುವುದು ಮುರಿಯುವ ಭಾರ ಅಲ್ಲ, ಇಳಿತ.

ತೇವದ ವಿಷಯ ಮಾತ್ರ ಇಲ್ಲಿ ಬಿಡುವಂತಿಲ್ಲ. ಹಸಿ ಮರಳಿನಲ್ಲಿ ಕಾಳುಗಳ ನಡುವಿನ ನೀರು ಅವನ್ನು ಹಿಡಿದೆಳೆಯುತ್ತದೆ. ಮಕ್ಕಳು ಒದ್ದೆ ಮರಳಿನಲ್ಲಿ ಗೋಡೆ ನಿಲ್ಲಿಸುವುದು ಇದರಿಂದಲೇ. ಈ ಹಿಡಿತ 2 ಕಿಲೋಪಾಸ್ಕಲ್ ಇದ್ದರೂ, ಒಣ ಮರಳಿನಲ್ಲಿ ಸುಮಾರು 335ಕ್ಕೆ ಸೋಲಬೇಕಾದ ಪ್ಲೇಟ್ ಲೆಕ್ಕದಲ್ಲಿ 575ರವರೆಗೆ ಹೋಗುತ್ತದೆ. ಅದೇ ಹಿಡಿತ ಫೂಟಿಂಗ್‌ಗೆ ಕೊಡುವ ಲಾಭ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ನೀರು ಏರಿ ಮರಳು ಪೂರ್ತಿ ನೆನೆದ ದಿನ ಆ ಹಿಡಿತವೂ ಹೋಗುತ್ತದೆ, ಮಣ್ಣಿನ ತೂಕದಲ್ಲೂ ಹೆಚ್ಚುಕಡಿಮೆ ಅರ್ಧವನ್ನು ನೀರು ಎತ್ತಿಹಿಡಿಯುತ್ತದೆ. ಟೆಸ್ಟ್ ಮಾಡಿದ ದಿನ ಮರಳು ಒಣಗಿತ್ತೇ, ಹಸಿಯಿತ್ತೇ, ನೀರಿನ ಮಟ್ಟ ಎಲ್ಲಿತ್ತು ಅಂತ ಬರೆಯದ ವರದಿ ಅರ್ಧ ವರದಿ.

ಕೆಳಗಿನ ಪದರ

ಈಗ ಮತ್ತೆ ನಮ್ಮ ಜಾಗಕ್ಕೆ ಬರೋಣ. ಫೂಟಿಂಗ್ ಪಕ್ಕದಲ್ಲೇ ಕೋನ್ ಇಳಿಸುವ ಪರೀಕ್ಷೆ ಮಾಡಿಸಿದರು. ಮೊದಲ ಎರಡೂವರೆ ಮೀಟರ್ ಮರಳು ಆಳಕ್ಕೆ ಹೋದಂತೆ ಗಟ್ಟಿಯಾಗುತ್ತಾ ಹೋಗಿದೆ. 36 ಮಿ.ಮೀ. ಲೆಕ್ಕದ ಹಿಂದಿನ ಊಹೆ ಇಲ್ಲಿ ಹೊಂದುವುದಿಲ್ಲ ಅಂತ ಆಗ ಧೈರ್ಯವಾಗಿ ಹೇಳಬಹುದು. ಆದರೆ 2.5ರಿಂದ 4 ಮೀಟರ್‌ವರೆಗೆ ಒಂದೂವರೆ ಮೀಟರ್ ದಪ್ಪದ ಸಡಿಲ ಪದರ ಸಿಕ್ಕಿತು. ಅದರ ಗಡಸುತನ 6 ಮೆಗಾಪಾಸ್ಕಲ್ ಅಂತ ಹಿಡಿಯೋಣ.

ಒತ್ತಡ ಎರಡಕ್ಕೆ ಒಂದರ ಇಳಿಜಾರಿನಲ್ಲಿ ಹರಡುತ್ತದೆ ಅನ್ನುವ ಸರಳ ಲೆಕ್ಕ ಸಾಕು. ಪದರದ ನಡುವೆ, 3.25 ಮೀಟರ್ ಆಳದಲ್ಲಿ, ಪ್ಲೇಟ್‌ನ 200ರಲ್ಲಿ ತಲುಪಿದ್ದು 1.4 ಕಿಲೋಪಾಸ್ಕಲ್. ಪ್ಲೇಟ್‌ಗೆ ಆ ಪದರ ಇದ್ದೂ ಇಲ್ಲದ ಹಾಗೆ. ಫೂಟಿಂಗ್‌ನ 200ರಲ್ಲಿ ಅಲ್ಲಿಗೆ ತಲುಪುವುದು 36. ಅದು ಆ ಪದರವನ್ನು 9 ಮಿ.ಮೀ. ಅದುಮುತ್ತದೆ. ಅಲ್ಲಿ ಮೇಲಿನಂಥ ಗಟ್ಟಿ ಮರಳೇ ಇದ್ದಿದ್ದರೂ ಎರಡು ಮಿ.ಮೀ. ಆಗುತ್ತಿತ್ತು, ಅದು ಹಿಂದಿನ ಲೆಕ್ಕದಲ್ಲಿ ಸೇರಿದೆ. ಹಾಗಾಗಿ ಹೊಸದಾಗಿ ಸೇರುವುದು ಸುಮಾರು 7.

14 ಮಿ.ಮೀ. 21 ಆಯಿತು. 22.5 ಮಿ.ಮೀ. 30ರ ಹತ್ತಿರ ಹೋಯಿತು. 25ರ ಮಿತಿ ಇವೆರಡರ ನಡುವೆ ಸಿಕ್ಕಿಕೊಂಡಿದೆ.

ಫೂಟಿಂಗ್ ಅಗಲ ಮಾಡಿದರೆ? 2.8 ಮೀಟರ್ ಮಾಡಿದರೆ ಅದೇ ಭಾರಕ್ಕೆ ಒತ್ತಡ 147ಕ್ಕೆ ಇಳಿಯುತ್ತದೆ. ಪ್ಲೇಟ್‌ನ ಗೆರೆಯಲ್ಲಿ 147ಕ್ಕೆ 3 ಮಿ.ಮೀ. ಸೂತ್ರದಿಂದ ಫೂಟಿಂಗ್‌ಗೆ ಸುಮಾರು 10, ಎರಡು ಪ್ಲೇಟ್‌ಗಳ ದಾರಿಯಿಂದ 17. ಸಡಿಲ ಪದರದ ಪಾಲು ಮಾತ್ರ ಅಷ್ಟೇನೂ ಇಳಿಯಲಿಲ್ಲ: ಅಲ್ಲಿನ ಒತ್ತಡ 36ರಿಂದ 31.5ಕ್ಕೆ ಬಂತು, ಹೊಸದಾಗಿ ಸೇರುವ 7 ಮಿ.ಮೀ. 6ರ ಹತ್ತಿರಕ್ಕೆ. ಆಳದ ಪದರ ನೋಡುವುದು ಹೆಚ್ಚಾಗಿ ಒಟ್ಟು ಭಾರವನ್ನು, ಫೂಟಿಂಗ್ ಅಗಲವನ್ನಲ್ಲ. ಒಟ್ಟಿನಲ್ಲಿ 16ರಿಂದ 23 ಮಿ.ಮೀ. ಎರಡು ತುದಿಯೂ 25ರ ಒಳಗೆ. ನಾನಾದರೆ 2.8 ಮೀಟರ್ ಅಂತ ಬರೆಯುತ್ತೇನೆ. ಪ್ಲೇಟ್‌ನ 4.5 ಮಿ.ಮೀ. ಪಕ್ಕದಲ್ಲೇ ಕೋನ್‌ನ ಗೆರೆಯನ್ನೂ ವರದಿಗೆ ಅಂಟಿಸುತ್ತೇನೆ.